ಬೇರಿನಿಂದ ಎತ್ತರ ಅಳೆದವರು

ಪ್ರಶ್ನೆಗೆ ಅಂಜದವರು, ಉತ್ತರಕ್ಕೆ ಅಳುಕದವರು, ಓದದೆ ಬೋಧಿಸಬಲ್ಲವರು, ಬರೆದದ್ದನ್ನು ಮರಳಿ ನೋಡುವ ದೌರ್ಬಲ್ಯವಿಲ್ಲದವರು, ಕಿರಿಯರ ಮಾತು ಕಿವಿಗೆ ತಾಗದಂತೆ ತಲೆಯನ್ನು ಸದಾ ಮೇಲಿರಿಸಿಕೊಂಡವರು. ಇಂತಹ ಗುಣಭೂಷಣರನ್ನು ಕಾಲೇಜಿನಲ್ಲಿ ಗೈಡುಮೇಷ್ಟ್ರು ಎನ್ನುತ್ತಿದ್ದರು. ಕಂಪ್ಯೂಟರ್ ವಿಜ್ಞಾನಕ್ಕೊಂದು ಗೈಡು ಬರೆದು, ಹನ್ನೆರಡು ವರ್ಷ ಅದರ ನೆರಳಿನಲ್ಲೇ ಬಾಳಿದ ಮಹನೀಯರು.

ಆ ಶಾಸ್ತ್ರದಲ್ಲಿ ಮಾಹಿತಿ ಜೋಡಿಸಿಡುವ ಮರಕ್ಕೆ ಬೇರು ಮೇಲೆ, ಎಲೆ ಕೆಳಗೆ. ಮರದ ಒಂದೊಂದು ಗಂಟಿಗೂ ‘ನೋಡು’ ಎಂದು ಹೆಸರು. ಬೇರಿನಿಂದ ಒಂದು ನೋಡಿಗೆ ಇಳಿದು ಬರುವ ಕೊಂಡಿಗಳ ಸಂಖ್ಯೆ ಅದರ ಆಳ. ಆ ನೋಡಿನಿಂದ ತನ್ನ ಕೆಳಗಿನ ಅತಿ ದೂರದ ಎಲೆಗೆ ಇರುವ ಕೊಂಡಿಗಳ ಸಂಖ್ಯೆ ಎತ್ತರ. ಮೇಷ್ಟ್ರು ಎರಡನ್ನೂ ಅದಲುಬದಲು ಮಾಡಿದ್ದರು. ಯಾರಿಗೂ ತಿಳಿಯಲಿಲ್ಲ; ಗೈಡಿನ ಒಂದೇ ಉದಾಹರಣೆ ಮೂರು ಅಂತಸ್ತಿನ ಮರದ ನಡುವಣ ನೋಡು, ಮೇಲಕ್ಕೂ ಒಂದು ಕೊಂಡಿ, ಕೆಳಕ್ಕೂ ಒಂದು. ಕುರುಡನೆಸೆದ ಕಲ್ಲಿಗೆ ಕಾಯಿ ಉದುರಿದಂತೆ ಉತ್ತರ ಸರಿಬೀಳುತ್ತಿತ್ತು.

ಈ ಸಲ ಅವರು ಮುಖ್ಯ ಮೌಲ್ಯಮಾಪಕರು. ಪ್ರಶ್ನೆಪತ್ರಿಕೆಯ ಮರಕ್ಕೆ ನಾಲ್ಕು ಅಂತಸ್ತು: ಬೇರಿನ ಕೆಳಗೆ ‘ಬಿ’ ಮತ್ತು ‘ಸಿ’; ‘ಬಿ’ಯ ಕೆಳಗೆ ಎರಡು ಮಕ್ಕಳು, ಅವುಗಳಲ್ಲೊಂದಕ್ಕೆ ಒಂದು ಮಗು. ಬೇರಿನ ಮಟ್ಟ ಸೊನ್ನೆ, ಕೆಳಗಿಳಿದಂತೆ ಅಂತಸ್ತಿಗೊಂದು ಹೆಚ್ಚು. ‘ಬಿ’ಗೆ ಎತ್ತರ ಒಂದು, ಆಳ ಎರಡು, ಮಟ್ಟ ಒಂದು, ಮಕ್ಕಳ ಎಣಿಕೆಯಾದ ಡಿಗ್ರಿ ಎರಡು ಎಂದು ಕೀ ಉತ್ತರದಲ್ಲಿ ಮೇಷ್ಟ್ರು ಸ್ವಹಸ್ತದಿಂದ ಅಪ್ಪಣೆ ಕೊಡಿಸಿದ್ದರು.

ಹೊಸದಾಗಿ ಸೇರಿದ ಮೇಡಂ ಒಂದು ಉತ್ತರಪತ್ರಿಕೆ ಹಿಡಿದು ಬಂದರು.

“ಸಾರ್, ಎತ್ತರ ಎರಡು, ಆಳ ಒಂದು ಅಂತ ಈ ಹುಡುಗಿ ಸರಿಯಾಗೇ ಬರ್ದಿದ್ದಾಳೆ. ನಿಮ್ಮ ಕೀ ಪ್ರಕಾರ ಮೂವತ್ಮೂರಕ್ಕೆ ನಿಂತು ಎರಡಂಕಕ್ಕೆ ಫೇಲು.”

“ಫೇಲಾದ್ರೆ ಇನ್ನೊಮ್ಮೆ ಓದ್ಲಿ ಕಣಮ್ಮ. ನನ್ನ ಗೈಡೇ ಇದೆಯಲ್ಲ.”

“ಬೇರು ಸೊನ್ನೆ ಮಟ್ಟ ಅಂದ್ಮೇಲೆ ಮಟ್ಟಾನೂ ಆಳಾನೂ ಒಂದೇ ಅಲ್ವಾ? ನೀವು ಒಂದು, ಎರಡು ಅಂತೀರಿ.”

“ಹೆಸರು ಬೇರೆ ಇದ್ಮೇಲೆ ಉತ್ತರಾನೂ ಬೇರೆ ಇರ್ಬೇಕು ತಾನೇ?”

ಈ ಮಹಾವಾಕ್ಯಕ್ಕೆ ಸುತ್ತಲಿನ ಕೆಂಪು ಪೆನ್ನುಗಳು ನಿಂತವು.

“ಹೋಗ್ಲಿ, ಇಡೀ ಮರದ ಎತ್ತರ?”

“ಮೂರು. ಬೇರಿನ ಎತ್ತರವೇ ಮರದ ಎತ್ತರ, ಕೀನಲ್ಲೇ ಬರ್ದಿದೀನಿ.”

“ಎತ್ತರಾನ ಬೇರಿಂದ ಎಣಿಸೋದಾದ್ರೆ, ಬೇರಿಂದ ಬೇರಿಗೆ ಎಷ್ಟು ಸಾರ್?”

ಮೇಷ್ಟ್ರ ಬೆರಳು ಚಿತ್ರದ ಬೇರಿನ ಮೇಲೆ ಕೂತಿತು. ಅಲ್ಲಿಂದ ಹೋಗಲು ದಾರಿಯಿರಲಿಲ್ಲ. ಸೊನ್ನೆ! ಗೈಡಿನ ಹನ್ನೆರಡು ಮುದ್ರಣಗಳು ಅವರ ಎದೆಯಲ್ಲಿ ಒಂದರ ಮೇಲೊಂದು ಕುಸಿದವು.

“ಎಲ್ಲಾ ಆ ಡಿಟಿಪಿ ಮಾಡಿದವನ ಬೇಜವಾಬ್ದಾರಿ!” ಎಂದು ಗುಡುಗಿ, ತಮ್ಮದೇ ಕೈಬರಹವನ್ನು ತಾವೇ ಹೊಡೆದುಹಾಕಿದರು. ಕಟ್ಟಿಟ್ಟ ಉತ್ತರಪತ್ರಿಕೆಗಳ ಕಟ್ಟುಗಳು ಮತ್ತೆ ಬಿಚ್ಚಿಕೊಂಡವು. ಹುಡುಗಿ ಮೂವತ್ತೈದಕ್ಕೆ ಪಾಸಾದಳು.

ಗೈಡುಮೇಷ್ಟ್ರಿಗೆ ಆಯುರಾರೋಗ್ಯವಿರಲಿ, ಮಡದಿಗೆ ತಾಳ್ಮೆಯೂ ಮಕ್ಕಳಿಗೆ ಬೇರೊಬ್ಬರ ಪುಸ್ತಕವೂ ದೊರೆಯಲಿ, ಆ ವಂಶವೃಕ್ಷವನ್ನು ಬೇರಿನಿಂದ ಕೊನೆಯ ಎಲೆಯವರೆಗೂ ಭಗವಂತ ಕಾಯಲಿ.