ಅವರ ನಂಬರಿಗೆ ರೀಚಾರ್ಜ್

ಗಂಡ ತೀರಿಕೊಂಡ ಮೇಲೂ ಅವರ ಮೊಬೈಲಿಗೆ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತಿದ್ದೆ. ನಂಬರ್ ನಿಲ್ಲಿಸು, ಸುಮ್ಮನೆ ದುಡ್ಡು ದಂಡ ಎಂದು ಉಡುಪಿಯ ಅಣ್ಣ ಹೇಳಿದ್ದ. ಹದಿನಾಲ್ಕು ವರ್ಷ ನಾನು ಕಾಪುವಿನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುವೆ ಆಮಂತ್ರಣ, ಲೇಬಲ್, ಪೋಸ್ಟರ್ ಡಿಸೈನ್ ಮಾಡಿದೆ. ಕೆಲಸ ತಂದವರು, ಪ್ರೆಸ್ಸಿಗೆ ಓಡಿದವರು ಅವರು. ಗಿರಾಕಿಗಳೆಲ್ಲ ಇದ್ದದ್ದು ಆ ನಂಬರಿನಲ್ಲಿ.

ಅದು ರಿಂಗಾಗುವುದು ಕಡಿಮೆಯಾಯಿತು. ವರ್ಷಾಂತಿಕ ಮುಗಿಯುವ ತನಕ ಸಾವಿನ ಮನೆಯವರ ಕೈಯಲ್ಲಿ ಮದುವೆ ಕಾಗದ ಮಾಡಿಸುವುದಕ್ಕೆ ಜನ ಹಿಂಜರಿಯುತ್ತಾರೆ. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ, ಬರುವುದನ್ನು ನಿಲ್ಲಿಸಿದರು. ನಮ್ಮ ಆದಾಯದ ಅರ್ಧ ಮದುವೆ ಕಾಗದದ್ದೇ.

ಅಷ್ಟರಲ್ಲಿ ಮಣಿಪಾಲದ ಒಂದು ಕಂಪನಿ ಕೆಲಸಕ್ಕೆ ಕರೆಯಿತು. ಒಳ್ಳೆಯ ಸಂಬಳ. ಅಣ್ಣನೇ ಹೇಳಿಸಿದ್ದು.

“ಒಂಟಿ ಹೆಂಗಸಿಗೆ ತಿಂಗಳ ಸಂಬಳಕ್ಕಿಂತ ದೊಡ್ಡ ಧೈರ್ಯ ಎಂತ ಉಂಟು?” ಎಂದ.

ನಾನು ಉಳಿತಾಯ ನೋಡಿದೆ. ಆಸ್ಪತ್ರೆ ಖರ್ಚು ಕಳೆದು, ಮನೆ ನಡೆಸಲು ಎಂಟು ತಿಂಗಳಿಗಾಗುವಷ್ಟಿತ್ತು. ಕಂಪನಿಯ ಪತ್ರವನ್ನು ಎರಡು ಸಲ ಓದಿದೆ. ಆರು ತಿಂಗಳು ಪರೀಕ್ಷಾ ಅವಧಿ, ಆ ಹೊತ್ತಿನಲ್ಲಿ ಹದಿನೈದು ದಿನದ ನೋಟಿಸು ಕೊಟ್ಟು ಕೆಲಸದಿಂದ ಬಿಡಿಸಬಹುದು. ಹೊರಗಿನ ಕೆಲಸ ಒಂದನ್ನೂ ಮಾಡುವಂತಿಲ್ಲ. ಅಂದರೆ ಆ ನಂಬರನ್ನು ಮುಚ್ಚಿಯೇ ಹೋಗಬೇಕು. ಆಮೇಲೆ ಕಂಪನಿಯವರು ಬಿಡಿಸಿದರೆ ನನಗೆ ಎರಡೂ ಇಲ್ಲ.

ಹಾಗೆಂದು ಎಂಟು ತಿಂಗಳ ದುಡ್ಡು ನಂಬಿ ಕೂರುವಷ್ಟು ದಡ್ಡಿಯೂ ಅಲ್ಲ. ಉತ್ತರ ಕೊಡಲು ಹತ್ತು ದಿನ ಕೇಳಿದೆ. ಗಂಡನ ಮೊಬೈಲು ಹಿಡಿದು ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮದುವೆಯವರನ್ನು ಬಿಟ್ಟು, ವರ್ಷವಿಡೀ ಕೆಲಸ ಇರುವವರಿಗೆ ಮಾತ್ರ. ಹೆಚ್ಚಿನವರು ನೋಡುವ ಎಂದರು. ನೋಡುವ ಎಂದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗಿರಾಕಿಗಳಲ್ಲಿ ಒಬ್ಬರಾದ, ಕಾರ್ಕಳದಲ್ಲಿ ಬೇಕರಿ ನಡೆಸುವ ಕೊಂಕಣಿ ಹೆಂಗಸಿನ ಹತ್ತಿರ ಬಸ್ಸಿನಲ್ಲಿ ಹೋದೆ. ಪೆಟ್ಟಿಗೆ, ಲೇಬಲ್, ಹಬ್ಬದ ಪೋಸ್ಟರ್ ಎಲ್ಲ ಸೇರಿ ತಿಂಗಳಿಗಿಷ್ಟು ಎಂದು ಕೇಳಿದೆ. ನಮ್ಮಲ್ಲಿ ವರ್ಷ ಆಗಿಲ್ಲ ಎಂದೂ ಹೇಳಿದೆ.

“ಸೂತಕ ನಿನಗೆ ಮಾರಾಯ್ತಿ, ನನ್ನ ಬಿಸ್ಕೀಟಿಗೆ ಅಲ್ಲ” ಎಂದರು. ದರದಲ್ಲಿ ಮಾತ್ರ ಚೌಕಾಸಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಒಂದೂವರೆ ವರ್ಷಕ್ಕೆ ಬರೆದುಕೊಟ್ಟರು.

ಉಡುಪಿಯ ದಂತ ವೈದ್ಯರೊಬ್ಬರೂ ತಿಂಗಳ ಲೆಕ್ಕಕ್ಕೆ ಒಪ್ಪಿದರು. ಇಬ್ಬರದೂ ಸೇರಿ ಮನೆ ಖರ್ಚಿನ ಅರ್ಧ. ಉಳಿದರ್ಧಕ್ಕೆ ಬೇರೆ ಏನೂ ಬರದಿದ್ದರೂ ನನ್ನ ಎಂಟು ತಿಂಗಳ ಉಳಿತಾಯ ಹದಿನಾರು ತಿಂಗಳಿಗಾಗುತ್ತದೆ. ಅಷ್ಟರೊಳಗೆ ವರ್ಷಾಂತಿಕ ಮುಗಿದಿರುತ್ತದೆ.

ಹತ್ತನೆಯ ದಿನ ಕಂಪನಿಗೆ ಬರುವುದಿಲ್ಲ ಎಂದು ಬರೆದೆ. ಅಣ್ಣ ಸಿಟ್ಟಾದ.

ಆ ವಾರವೇ ಗಂಡನ ಮೊಬೈಲು ರಿಂಗಾಯಿತು. ಯಾರೋ ಅವರನ್ನೇ ಕೇಳಿದರು, ಮಗಳ ಮದುವೆ ಕಾಗದಕ್ಕೆ.

“ಅವರು ತೀರಿಕೊಂಡರು. ಡಿಸೈನ್ ಮೊದಲಿನಿಂದಲೂ ನನ್ನದೇ. ನಿಮಗೆ ಅಡ್ಡಿಯಿಲ್ಲದಿದ್ದರೆ ಮಾಡಿಕೊಡುತ್ತೇನೆ. ಅರ್ಧ ಮುಂಗಡ.”

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಕೇಳಲಿ. ನಂಬರ್ ಚಾಲ್ತಿಯಲ್ಲಿ ಉಂಟು.