ಗುಮ್ಮಟದ ಹೆಗಲ ಮೇಲಿನ ಕಲ್ಲು

ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನಾಗಪುರದಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವುದು ನಮ್ಮ ಕಚೇರಿಯ ಹೊಣೆ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ನನಗೆ ಅಲ್ಲಿಯ ಬಿಸಿಲನ್ನು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಬೇಸಿಗೆಯಲ್ಲಿ ಕಚೇರಿ ಬೆಳಿಗ್ಗೆ ಬೇಗ ತೆರೆಯುತ್ತಿತ್ತು. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ನೀರು ಕಾಗದದ ಮೇಲೆ ಬೀಳದಂತೆ ಮೇಜನ್ನು ಎಲ್ಲಿಡಬೇಕೆಂಬುದನ್ನು ಮೊದಲ ವಾರದಲ್ಲೇ ಗೊತ್ತುಮಾಡಿಕೊಂಡಿದ್ದೆ. ಆಮೇಲೆ ಅದನ್ನು ಕದಲಿಸಲಿಲ್ಲ.

ನನ್ನ ಮೇಲಿನವರು ವಿಜಾಪುರದ ಕಡೆಯ ಒಬ್ಬ ಸಹಾಯಕ ಎಂಜಿನಿಯರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಅವರ ಮೇಲೆ ದೊಡ್ಡ ಸಾಹೇಬರು. ಅವರ ಮನೆಮಾತು ಮರಾಠಿ, ಊರು ಬೆಳಗಾವಿ. ಆದ್ದರಿಂದ ನಮ್ಮೊಡನೆ ಕನ್ನಡದಲ್ಲೇ ಮಾತು. ಸಾಹೇಬರು ಬಹುಕಾಲ ಸೇತುವೆ ಕಟ್ಟಿದವರು. ಉಕ್ಕಿನ ತೊಲೆ ಎಲ್ಲಿ ಎಷ್ಟು ಎಳೆತ ತಡೆಯುತ್ತದೆ ಎಂಬುದನ್ನು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದರು. ರಾಯರು, ಸಾಹೇಬರು ಇಬ್ಬರೂ ಬಲ್ಲವರು, ಇಬ್ಬರೂ ಹಟಮಾರಿಗಳು.

ಆ ವರ್ಷ ಬೇರಾರದ ಒಂದು ಊರಿನಿಂದ ದೂರು ಬಂತು. ಅಲ್ಲಿ ಹಿಂದಿನ ಸುಲ್ತಾನನೊಬ್ಬನ ಗೋರಿ ಇದೆ. ಅದರ ದೊಡ್ಡ ಗುಮ್ಮಟ ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಬಿದ್ದೀತು ಎಂದು ಊರವರ ಹೆದರಿಕೆ. ಸಾಹೇಬರು ಗೋರಿಯ ಬಾಗಿಲಿಗೆ ಬೀಗ ಹಾಕಿಸಿ ನಮ್ಮಿಬ್ಬರನ್ನು ಅಳತೆಗೆ ಕಳಿಸಿದರು.

ನಾಲ್ಕು ದಪ್ಪ ಗೋಡೆಗಳ ಚೌಕ ಕಟ್ಟಡ ಅದು. ಒಳಗೆ ನಾಲ್ಕೂ ಮೂಲೆಗಳಿಗೆ ಅಡ್ಡವಾಗಿ ಕಮಾನುಗಳನ್ನು ಹಾಕಿ ಚೌಕವನ್ನು ಎಂಟು ಮೂಲೆಯದನ್ನಾಗಿ ಮಾಡಿ, ಅದರ ಮೇಲೆ ದುಂಡಗಿನ ಗುಮ್ಮಟ ಕೂರಿಸಿದ್ದರು. ಇಟ್ಟಿಗೆ ಮತ್ತು ಸುಣ್ಣದ ಗಾರೆ, ಅಷ್ಟೇ. ಕಬ್ಬಿಣದ ಒಂದು ಪಟ್ಟಿಯೂ ಇಲ್ಲ. ಗುಮ್ಮಟ ಎದ್ದುಬರುವ ಬುಡದ ಸುತ್ತ, ಹೊರಗಡೆ, ಕಲ್ಲು ಮತ್ತು ಗಾರೆಯ ಅಗಲವಾದ ಕಟ್ಟು ಇತ್ತು. ಕೆಳಗಿನಿಂದ ನೋಡಿದರೆ ಮಾಳಿಗೆಯಂಚಿನ ಕೈಪಿಡಿ ಗೋಡೆಯ ಮರೆಯಲ್ಲಿ ಅದು ಕಾಣದು. ಮೇಲೆ ಹತ್ತಿದರೆ, ಗುಮ್ಮಟ ಹೆಗಲ ಮೇಲೆ ಕಂಬಳಿ ಹೊದ್ದು ಕೂತಂತೆ ಕಾಣುತ್ತಿತ್ತು. ಬಿರುಕುಗಳು ಬುಡದಿಂದ ಎದ್ದು, ಕರಬೂಜದ ಗೆರೆಗಳ ಹಾಗೆ ನೆತ್ತಿಯ ಕಡೆಗೆ ಹೋಗಿ, ಅರ್ಧ ದಾರಿ ದಾಟಿದ ಮೇಲೆ ಕೂದಲೆಳೆಯಾಗಿ ನಿಂತುಹೋಗಿದ್ದವು. ನೆತ್ತಿಯಲ್ಲಿ ಒಂದೂ ಇರಲಿಲ್ಲ.

ನನ್ನ ನಕ್ಷೆ ನೋಡಿ ಸಾಹೇಬರು, ಬುಡದ ಸುತ್ತ ಉಕ್ಕಿನ ಪಟ್ಟಿ ಬಿಗಿಯೋಣ ಎಂದರು. ಆಗ ಉಕ್ಕು ಪರವಾನಗಿಯ ಮೇಲೆ ಸಿಗುತ್ತಿತ್ತು. ಅಣೆಕಟ್ಟು, ಕಾರ್ಖಾನೆಗಳನ್ನು ಬಿಟ್ಟು ಸತ್ತ ಸುಲ್ತಾನನಿಗೆ ಯಾರು ಕೊಡುತ್ತಾರೆ? ಮಳೆಗಾಲದೊಳಗೆ ಸಿಗುವುದಿಲ್ಲ ಎಂದು ಖಚಿತವಾದಾಗ ಅವರು ಎರಡನೆಯ ದಾರಿ ಹೇಳಿದರು: ಹೊರಗಿನ ಆ ಕಲ್ಲಿನ ಕಟ್ಟನ್ನು ಒಡೆದು ಇಳಿಸಿಬಿಡುವುದು. ಅದು ಯಾರೋ ಆಮೇಲೆ ಹೇರಿದ್ದು, ಕಟ್ಟಡ ಸುಮ್ಮನೆ ಹೊತ್ತಿರುವ ತೂಕ, ಎಂಜಿನಿಯರುಗಳ ಮಾತಿನಲ್ಲಿ ಸತ್ತಭಾರ, ಬಿರುಕು ಬಿಟ್ಟದ್ದರ ತಲೆಯ ಮೇಲೆ ಯಾಕೆ ಹೊರೆ ಎಂಬುದು ಅವರ ವಾದ.

ರಾಯರು ಒಪ್ಪಲಿಲ್ಲ. ಅವರು ಅಂದು ವಿವರಿಸಿದ್ದು ನನಗೆ ಇಂದಿಗೂ ಕ್ರಮವಾಗಿ ನೆನಪಿದೆ. ಗುಮ್ಮಟದ ಮೇಲ್ಭಾಗ ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಬಿಗಿಯಾಗುತ್ತದೆ. ಕೆಳಭಾಗ ಹೊರಕ್ಕೆ ಅರಳಲು ನೋಡುತ್ತದೆ. ಇಟ್ಟಿಗೆ, ಸುಣ್ಣ ಒತ್ತಡವನ್ನು ಎಷ್ಟಾದರೂ ತಾಳುತ್ತವೆ, ಎಳೆತವನ್ನು ತಾಳಲಾರವು. ಆದ್ದರಿಂದ ಕೆಳಗೆ ಸೀಳು ಬಿಡುತ್ತದೆ. ಸೀಳಿದ ಮೇಲೆ ಅದು ಇಡೀ ಬಟ್ಟಲಲ್ಲ, ನೆತ್ತಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಕಮಾನುಗಳ ಗುಂಪು. ಕಮಾನಿನ ಕಾಲು ಜಾರದಿದ್ದರೆ ಕಮಾನು ಬೀಳುವುದಿಲ್ಲ. ಇಲ್ಲಿ ಕಾಲು ಜಾರದಂತೆ ತಡೆದಿರುವುದು ಗೋಡೆಯ ದಪ್ಪ ಮತ್ತು ಆ ಕಲ್ಲಿನ ಕಟ್ಟಿನ ತೂಕ. ಹೊರಕ್ಕೆ ನೂಕುವ ಬಲವನ್ನು ಆ ತೂಕ ಕೆಳಕ್ಕೆ ಬಗ್ಗಿಸಿ ಗೋಡೆಯೊಳಗೇ ಇಳಿಸುತ್ತದೆ.

"ಭಾರ ಇಳಿಸಿದ್ರ ಹಗರ ಆಗೂದು ಗಾಡಿ, ಸಾಹೇಬ್ರ. ಇದು ಗಾಡಿ ಅಲ್ಲ," ಎಂದರು ರಾಯರು.

"ಹಂಗಾರ ಬಿರುಕು ಬಿಟ್ಟದ್ದು ಚಲೋ ಲಕ್ಷಣ ಅಂತೀರೇನು?"

"ಚಲೋನೂ ಅಲ್ಲ, ಕೆಟ್ಟದ್ದೂ ಅಲ್ಲ. ಬಹಳ ಹಳೇದು. ಅದು ಈಗ ಬೆಳಿಯಾಕ ಹತ್ತೇತೋ ಇಲ್ಲೋ, ಅಷ್ಟು ನೋಡ್ರಿ ಸಾಕು."

ಸಾಹೇಬರು ನ್ಯಾಯವಂತರು. ನೋಡೋಣ ಎಂದರು. ಬಿರುಕುಗಳ ಅಡ್ಡಕ್ಕೆ ಗಾಜಿನ ತೆಳುಪಟ್ಟಿಗಳನ್ನು ಗಾರೆಯಿಂದ ಕೂರಿಸುವುದೆಂದಾಯಿತು. ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ. ಇದು ಆಗ ಎಲ್ಲರೂ ಮಾಡುತ್ತಿದ್ದ ಪರೀಕ್ಷೆ. ಗೋರಿಯ ಊರಿನಲ್ಲೇ ಇದ್ದ ನಮ್ಮ ಮಿಸ್ತ್ರಿ ಆ ಕೆಲಸವನ್ನು ಒಂದು ಮಧ್ಯಾಹ್ನ, ಮೇ ತಿಂಗಳ ಸುಡುಬಿಸಿಲಿನಲ್ಲಿ, ಮುಗಿಸಿದ. ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲ ಗಾಜುಗಳೂ ಒಡೆದಿದ್ದವು.

ಸುದ್ದಿ ನಾಗಪುರಕ್ಕೆ ಬಂದ ದಿನವೇ ಸಾಹೇಬರು ಕಟ್ಟು ಇಳಿಸುವ ಆಜ್ಞೆ ಬರೆಸಿದರು. ನಕ್ಷೆಗೆ ರಾಯರು ಸಹಿ ಹಾಕಬೇಕಿತ್ತು. ಅವರು ಹಾಕಲಿಲ್ಲ. ಗುಮ್ಮಟ ಬಿದ್ದರೆ ತಪ್ಪು ನಿಮ್ಮದೇ ಎಂದು ಬರೆದಿಡುತ್ತೇನೆ ಎಂದರು ಸಾಹೇಬರು. ಬರೆದಿಡಿ ಎಂದರು ರಾಯರು. ಅವರಿಗೆ ನಿವೃತ್ತಿ ಹತ್ತಿರವಿತ್ತು. ಇಂಥ ಒಂದು ಬರಹ ಕೆಲಸಕ್ಕೇ ಕುತ್ತು ತರಬಹುದೆಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಸಾಹೇಬರು ತಾವೇ ಸಹಿ ಹಾಕಿ ನಮ್ಮಿಬ್ಬರನ್ನು ಕರೆದುಕೊಂಡು ಹೊರಟರು.

ಆಜ್ಞೆಯ ತಂತಿ ಮೊದಲೇ ಹೋಗಿದ್ದರಿಂದ, ನಾವು ತಲುಪುವ ಹೊತ್ತಿಗೆ ಮಿಸ್ತ್ರಿ ನೈಋತ್ಯದ ಮೂಲೆಯಲ್ಲಿ ಒಂದು ಭಾಗದ ಕಲ್ಲುಗಳನ್ನು ಎಬ್ಬಿಸಿ ಆಗಿತ್ತು. ರಾಯರು ಮೇಲೆ ಹತ್ತಿ ಬಿಸಿಯೇರಿದ ಗುಮ್ಮಟದ ಮೇಲೆ ಅಂಗೈ ಇಟ್ಟು, ತಕ್ಷಣ ತೆಗೆದುಕೊಂಡರು. ಮಿಸ್ತ್ರಿಯನ್ನು ಕರೆದು ಗಾಜನ್ನು ಯಾವ ಹೊತ್ತಿನಲ್ಲಿ ಹಾಕಿದ್ದೆ ಎಂದು ಕೇಳಿದರು. ಊಟವಾದ ಮೇಲೆ ಎಂದ ಅವನು. ರಾಯರು ಸಾಹೇಬರ ಕಡೆ ತಿರುಗಿದರು.

"ಬಿಸಲಿಗೆ ಇಟ್ಟಿಗಿ ಹಿಗ್ಗತಾವ, ಸೀಳು ಸಣ್ಣದಾಗ್ತದ. ರಾತ್ರಿ ತಂಪಾತು ಅಂದ್ರ ಕುಗ್ಗತಾವ, ಸೀಳು ತೆರಕೋತದ. ಸಣ್ಣ ಇದ್ದಾಗ ಗಾಜು ಅಂಟಿಸಿದ್ರ ಮುಂಜಾನಿಗೆ ಒಡೀಲೇಬೇಕು. ಗುಮ್ಮಟ ಉಸರಾಡೇತಿ, ಅಷ್ಟ."

"ಉಸರಾಡೇತೋ ಕೊನೀ ಉಸರು ಬಿಟ್ಟೇತೋ, ನಿಮಗ ಹೆಂಗ ಗೊತ್ತು?" ಎಂದರು ಸಾಹೇಬರು. ಮಿಸ್ತ್ರಿಗೆ ಕನ್ನಡ ಬಾರದಿದ್ದರೂ ಅವರ ಧಾಟಿಗೇ ನಗು ಬಂತು.

ಅದಕ್ಕೆ ರಾಯರ ಬಳಿ ಉತ್ತರವಿತ್ತು. ಪ್ರತಿ ಬಿರುಕಿನ ಎರಡೂ ದಡಗಳಲ್ಲಿ ಒಂದೊಂದು ಹಿತ್ತಾಳೆಯ ಮೊಳೆ ಕೂರಿಸಿ, ಅವುಗಳ ನಡುವಣ ಅಂತರವನ್ನು ದಿನವೂ ಒಂದೇ ಹೊತ್ತಿಗೆ ಅಳೆಯುವುದು. ಹಗಲು ರಾತ್ರಿಗಳ ಏರಿಳಿತ ಬೇರೆ, ಬಿರುಕು ನಿಜವಾಗಿ ಬೆಳೆಯುವುದು ಬೇರೆ. ಒಂದೇ ಹೊತ್ತಿನ ಅಳತೆಗಳನ್ನು ಹೋಲಿಸಿದರೆ ಎರಡೂ ಬೇರ್ಪಡುತ್ತವೆ. ಅಲ್ಲಿಯವರೆಗೆ ಒಂದು ಕಲ್ಲನ್ನೂ ಮುಟ್ಟಬಾರದು. ಸಾಹೇಬರು ಆಕಾಶ ನೋಡಿದರು. ಮೋಡ ಇನ್ನೂ ಬಂದಿರಲಿಲ್ಲ. ಮಳೆಯ ಮೊದಲ ಹನಿ ಬೀಳುವವರೆಗೆ ಕಾಯುತ್ತೇನೆ, ಆಮೇಲೆ ಕೇಳುವುದಿಲ್ಲ ಎಂದರು.

ಅಳತೆಯ ಕೆಲಸ ನನಗೆ ಬಂತು. ಅದು ನನಗೆ ಒಗ್ಗುವ ಕೆಲಸ. ಸೂರ್ಯ ಹುಟ್ಟುವ ಮೊದಲು ಮೇಲೆ ಹತ್ತುವುದು, ಉತ್ತರದಿಂದ ಹಿಡಿದು ಬಲಕ್ಕೆ ಸುತ್ತುತ್ತ ಮೊಳೆಗಳ ನಡುವೆ ಕ್ಯಾಲಿಪರ್ ಎಂಬ ಅಳತೆಯ ಇಕ್ಕಳ ಹಿಡಿಯುವುದು, ಇಳಿದು ಸ್ನಾನ, ತಿಂಡಿ. ಬಿಸಿಲು ಏರಿದಾಗ ಮತ್ತೆ ಒಂದು ಸುತ್ತು. ಗೋರಿ ನೋಡಿಕೊಳ್ಳುವ ಮುಜಾವರ ಕೆಳಗೆ ಬೇವಿನ ಮರದಡಿ ಕೂತು ನನ್ನನ್ನು ನೋಡುತ್ತಿದ್ದ. ಬೀಗ ಬಿದ್ದ ಮೇಲೆ ಅವನಿಗೆ ಒಳಗೆ ಗುಡಿಸುವ, ದೀಪ ಹಚ್ಚುವ ಕೆಲಸವಿರಲಿಲ್ಲ. ಹಕೀಮರೇ, ಇವತ್ತು ನಾಡಿ ಹೇಗಿದೆ ಎಂದು ಹಿಂದಿಯಲ್ಲಿ ಕೇಳುತ್ತಿದ್ದ. ಮೊದಲು ಹಾಸ್ಯಕ್ಕೆ ಕೇಳುತ್ತಿದ್ದವನು ದಿನ ಕಳೆದಂತೆ ನಿಜವಾಗಿಯೇ ಕೇಳತೊಡಗಿದ.

ರಾಯರು ಹೇಳಿದ್ದು ಮೊದಲ ದಿನಗಳಲ್ಲೇ ಕಂಡಿತು. ಮಧ್ಯಾಹ್ನ ಮೊಳೆಗಳು ಹತ್ತಿರವಾಗುತ್ತಿದ್ದವು, ಬೆಳಗಿನ ಜಾವಕ್ಕೆ ದೂರ ಸರಿಯುತ್ತಿದ್ದವು. ಆದರೆ ಇಂದಿನ ಬೆಳಗೂ ನಿನ್ನೆಯ ಬೆಳಗೂ ಸಮ. ಉತ್ತರ, ಪೂರ್ವ, ದಕ್ಷಿಣ, ಎಲ್ಲ ಕಡೆಯೂ ಹೀಗೇ. ನೈಋತ್ಯದಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿ ಮೊಳೆಗಳು ಬೆಳಗಿನಿಂದ ಬೆಳಗಿಗೆ ಸ್ವಲ್ಪ ಸ್ವಲ್ಪವೇ ದೂರವಾಗುತ್ತಿದ್ದವು. ಅಳತೆ ತಪ್ಪಿರಬಹುದೆಂದು ಎರಡು ಸಲ ಅಳೆದೆ. ಮತ್ತೊಂದು ಕ್ಯಾಲಿಪರ್ ತಂದು ಅಳೆದೆ. ವ್ಯತ್ಯಾಸವಾಗಲಿಲ್ಲ.

ರಾಯರಿಗೆ ಹೇಳಿದಾಗ ಅವರು ನಾನು ಬರೆದಿಟ್ಟ ನೈಋತ್ಯದ ಅಳತೆಗಳನ್ನು ಮೊದಲಿಂದ ಓದಿ ನೋಡಿದರು. ಅವರ ಮಾತು ನಿಜವಾದದ್ದಕ್ಕೆ ಅವರಿಗೆ ಸಂತೋಷವಾದಂತೆ ಕಾಣಲಿಲ್ಲ. ಕಲ್ಲು ತೆಗೆದ ಜಾಗದಲ್ಲೇ ಕಮಾನಿನ ಕಾಲು ಜಾರತೊಡಗಿತ್ತು.

ನಾಗಪುರಕ್ಕೆ ಹಿಂತಿರುಗಿದ್ದ ಸಾಹೇಬರಿಗೆ ತಂತಿ ಕೊಟ್ಟೆವು. ಅವರು ಬಂದು ರಾತ್ರಿ ಛತ್ರದಲ್ಲಿ ಮಲಗಿ, ನಸುಕಿಗೆ ನನ್ನೊಡನೆ ಮೇಲೆ ಹತ್ತಿದರು. ಕ್ಯಾಲಿಪರನ್ನು ನನ್ನ ಕೈಯಿಂದ ತೆಗೆದುಕೊಂಡು ಸುತ್ತಲೂ ತಾವೇ ಅಳೆದರು. ನೈಋತ್ಯದಲ್ಲಿ ಕೂತುಬಿಟ್ಟರು. ಮರುದಿನ ಬೆಳಿಗ್ಗೆ ಮತ್ತೆ ಅಳೆದರು. ನಂತರ ಕೆಳಗಿಳಿದು, ಅಂಗಳದಲ್ಲಿ ರಾಶಿ ಹಾಕಿದ್ದ ಕಲ್ಲುಗಳ ಮೇಲೆ ಕೈಯಿಟ್ಟು ನಿಂತು ರಾಯರನ್ನು ಕರೆದರು.

"ಸೇತುವಿ ಕಟ್ಟುವಾಗ ಮೊದಲ ಕಲಿಸೂ ಪಾಠ, ಸತ್ತಭಾರ ಕಡಿಮಿ ಮಾಡ್ರಿ ಅಂತ. ಇಲ್ಲಿ ಸತ್ತಭಾರನ ಜೀವ ಹಿಡದದ. ಜಲ್ದಿ ಏರಸ್ರಿ."

"ಇದ್ದಂಗ ಏರಸ್ತೇನ್ರಿ. ಹೊಸಾ ಸಿಮೆಂಟ್ ಬ್ಯಾಡ, ಸುಣ್ಣನ ಸಾಕು."

"ಬರೋಬರ್. ಸಹಿ ಯಾರದು?"

"ಈ ಸಲ ನಂದು," ಎಂದರು ರಾಯರು.

ಮಿಸ್ತ್ರಿ ಗೊಣಗುತ್ತ ಕಲ್ಲು ಏರಿಸಿದ. ಇಳಿಸುವುದು ಸುಲಭ, ಏರಿಸುವುದು ಕಷ್ಟ ಎಂಬುದು ಅವನ ದೂರು. ಕಲ್ಲುಗಳನ್ನು ಗುಮ್ಮಟದ ಮೈಗೆ ಬಿಗಿಯಾಗಿ ತಾಗಿಸಿ ಕೂರಿಸಿದ್ದಾಯಿತು. ಅದಾದ ಮೇಲೂ ನಾನು ಅಳೆಯುತ್ತಲೇ ಇದ್ದೆ. ಮೊದಲ ಬೆಳಗುಗಳಲ್ಲಿ ನೈಋತ್ಯದ ಮೊಳೆಗಳು ಇನ್ನೂ ಕದಲಿದವು. ಆ ದಿನಗಳಲ್ಲಿ ರಾಯರು ನನ್ನೊಡನೆ ಹತ್ತುತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತಿರುತ್ತಿದ್ದರು. ಬಳಿಕ ಒಂದು ಬೆಳಗಿನ ಅಳತೆ ಹಿಂದಿನ ಬೆಳಗಿನದಕ್ಕೆ ಸಮವಾಯಿತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಹೊಸದಾಗಿ ತೆರೆದುಕೊಂಡಿದ್ದಷ್ಟು ಬಿರುಕು ಮಾತ್ರ ಹಿಂದಕ್ಕೆ ಮುಚ್ಚಲಿಲ್ಲ. ನೀರು ಇಳಿಯದಂತೆ ಬಾಯಿಗಷ್ಟೇ ಮೆತ್ತನೆಯ ಸುಣ್ಣದ ಗಾರೆ ತುಂಬಿದೆವು.

ಮಳೆ ಬಂತು. ಮೊದಲ ದೊಡ್ಡ ಮಳೆ ಕಳೆದ ಬೆಳಿಗ್ಗೆಯೂ ಅಳತೆ ಸಮವಿದ್ದುದರಿಂದ ಸಾಹೇಬರ ಅಪ್ಪಣೆಯಂತೆ ಬೀಗ ತೆಗೆದೆವು. ಮುಜಾವರ ಬಾಗಿಲಲ್ಲಿ ನಿಂತು, ಗಾರೆಯಡಿಯಲ್ಲಿ ಸೀಳು ಇನ್ನೂ ಇದೆಯಲ್ಲ, ಅದು ಯಾವಾಗ ಕೂಡಿಕೊಳ್ಳುತ್ತದೆ ಎಂದು ಕೇಳಿದ. ಕೂಡುವುದಿಲ್ಲ, ಹೀಗೆಯೇ ಇರುತ್ತದೆ ಎಂದು ರಾಯರು ಅವನಿಗೆ ಹಿಂದಿಯಲ್ಲಿ ಹೇಳಿದರು. ಅವನು ಸ್ವಲ್ಪ ಯೋಚಿಸಿದ. ಹಾಗಾದರೆ ನಿಮ್ಮ ಆ ಹಿತ್ತಾಳೆಯ ಮೊಳೆಗಳನ್ನು ಕೀಳಬೇಡಿ, ನಾನು ನೋಡುತ್ತಿರುತ್ತೇನೆ ಎಂದು ಹೇಳಿ ಪೊರಕೆ ಹಿಡಿದು ಒಳಗೆ ಹೋದ. ನಾವು ಮೊಳೆಗಳನ್ನು ಅಲ್ಲಿಯೇ ಬಿಟ್ಟು ಸಂಜೆಯ ಗಾಡಿಗೆ ನಾಗಪುರಕ್ಕೆ ಹೊರಟೆವು.