ಪೂರ್ತಿ ತಗಿ

ಗಂಡನ ರೈಲ್ವೆ ನೌಕರಿಯ ಬೆನ್ನುಹತ್ತಿ ಧಾರವಾಡದಿಂದ ಕಲ್ಕತ್ತೆಗೆ ಬಂದ ಕೋಕಿಲಾ ಎಸ್ಪ್ಲನೇಡಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಇಪ್ಪತ್ತು ವರ್ಷ ಸವೆಸಿದಳು. ಅದು ಸಾಲದೆಂಬಂತೆ ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಯ ಹುಚ್ಚು ಹಿಡಿಯಿತು. ಹೂಗ್ಲಿ ದಡದ ಸೆಣಬಿನ ಗಿರಣಿಗಳಿಗೆ ದಕ್ಷಿಣದಿಂದ ಕೂಲಿಗೆ ಬಂದ ಹೆಂಗಸರ ಬದುಕು ಅವಳ ವಿಷಯ. ಈ ವಯಸ್ಸಿನಲ್ಲಿ ಓದಿ ಯಾವ ಗುಡ್ಡ ಕಡಿಯಬೇಕು ಎಂದು ಕಚೇರಿಯವರು ಹಲ್ಲು ಕಿರಿದರು. ಕಿರಿಯಲಿ, ಅವರಪ್ಪನ ಗಂಟೇನು ಹೋಗಬೇಕಿತ್ತು!

ಅವಳ ನಾಲ್ಕನೆಯ ಅಧ್ಯಾಯ ನಿಂತದ್ದು ಒಂದೇ ಇ-ಪುಸ್ತಕದ ಮೇಲೆ. ಆ ಹೆಂಗಸರ ಸಂದರ್ಶನಗಳು ಇದ್ದುದು ಅದರಲ್ಲಿ ಮಾತ್ರ. ಮಾತಾಡಿದವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಕಾಗದದಲ್ಲಿ ಅದು ಅಚ್ಚಾಗಿಯೇ ಇರಲಿಲ್ಲ. ಪ್ರಕಾಶಕರು ಬಾಗಿಲು ಹಾಕಿದ್ದರಿಂದ ಆನ್‌ಲೈನ್ ಅಂಗಡಿಯಲ್ಲೂ ಮಾರಾಟ ನಿಂತಿತ್ತು. ಮೊದಲೇ ಕೊಂಡವರಿಗೆ ಮಾತ್ರ ಓದುವ ಪರವಾನಗಿ ಉಳಿದಿತ್ತು. ಹಿಂದಿನ ವರ್ಷ ಕಂಪ್ಯೂಟರಿನಿಂದ ಅದು ಅಳಿಸಿಹೋದಾಗ ಕೋಕಿಲಾ ಹೆದರಿ ನೀರಾಗಿದ್ದಳು. ಅಂಗಡಿಯ ಖಾತೆಯಲ್ಲಿ 'ನನ್ನ ಲೈಬ್ರರಿ' ಎಂಬ ಪಟ್ಟಿಯಿತ್ತು, ಅಲ್ಲಿಂದ ಪುಕ್ಕಟೆಯಾಗಿ ಮತ್ತೆ ಇಳಿಸಿಕೊಂಡಳು. ಅಳಿಸಿದರೂ ಸಿಗುತ್ತದೆ ಎಂಬ ಧೈರ್ಯ ಅಮ್ಮನಿಗೂ ಬಂತು, ಮಗಳು ಪೂರ್ವಿಗೂ ಬಂತು. ಆ ಧೈರ್ಯವೇ ಮನೆ ಹಾಳುಮಾಡಿತು.

ಎರಡು ಸಾವಿರದ ಒಂಬತ್ತರ ಅಕ್ಟೋಬರ್. ಪ್ರಬಂಧ ಸಲ್ಲಿಸಲು ನಾಲ್ಕೇ ದಿನ ಉಳಿದಿತ್ತು. ತಪ್ಪಿದರೆ ನೋಂದಣಿ ರದ್ದು, ಏಳು ವರ್ಷದ ದುಡಿಮೆ ನೀರುಪಾಲು. ಉದ್ಧರಣೆಗಳ ಪುಟಸಂಖ್ಯೆಗಳು ತಪ್ಪಾಗಿವೆ, ಇವತ್ತೇ ಸರಿಮಾಡಿ ತನ್ನಿ ಎಂದು ಮಾರ್ಗದರ್ಶಕರಾದ ಚಂದ್ರಶೇಖರ ಮೇಷ್ಟ್ರು ಪಟ್ಟು ಹಿಡಿದಿದ್ದರು. ಅದೇ ವಾರ ಮನೆಯ ಕಂಪ್ಯೂಟರು ಕೆಟ್ಟು ಎಲ್ಲ ಒರೆಸಿ ಹೊಸದಾಗಿ ಸಿದ್ಧಮಾಡಿಸಿದ್ದರಿಂದ ಪುಸ್ತಕವನ್ನು ಮತ್ತೆ ಇಳಿಸಿಕೊಳ್ಳಬೇಕಿತ್ತು. ಮಧ್ಯಾಹ್ನ ಎಸ್ಪ್ಲನೇಡಿನ ಬಸ್ಸುಗಳ ಹಾರ್ನಿನ ನಡುವೆ ನಿಂತು ಕೋಕಿಲಾ ಜಾದವ್‌ಪುರದ ಮನೆಗೆ ಫೋನ್ ಮಾಡಿದಳು.

"ಪೂರ್ವಿ, ಅಂಗಡಿ ಖಾತೆಯೊಳಗ ಲೈಬ್ರರಿ ಐತಲ್ಲ, ಅದರಾಗಿನ ಗಿರಣಿ ಪುಸ್ತಕ ತಗಿ. ಆಮ್ಯಾಲೆ ಏನ್ ಮಾಡಬೇಕಂತ ಹೇಳತೀನಿ."

"ಅಮ್ಮಾ, ಎರಡು ಇದೆ. ಒಂದು ಸ್ಯಾಂಪಲ್, ಒಂದು ಫುಲ್."

"ಸ್ಯಾಂಪಲ್ ಯಾಕ ಬೇಕವ್ವ? ಪೂರ್ತಿದ್ದು ತಗಿ."

"ಪರ್ಮನೆಂಟ್ಲಿ ಅಂತ ಕೇಳ್ತಿದೆ. ಪೂರ್ತಿ ತಗೀಲಾ?"

ಬಸ್ಸಿನ ಗದ್ದಲದಲ್ಲಿ 'ಪರ್ಮನೆಂಟ್ಲಿ' ಕೇಳಿಸಲಿಲ್ಲ, 'ಪೂರ್ತಿ' ಕೇಳಿಸಿತು. "ಹೂಂ ಅಂದ್ನಲ್ಲ, ಪೂರ್ತಿ ತಗಿ! ಎಷ್ಟ್ ಸಲ ಹೇಳ್ಬೇಕು ನಿನಗ?"

ಧಾರವಾಡದಲ್ಲಿ ಬಾಗಿಲು ತಗಿ ಎಂದರೂ ತಗಿ, ಕಸ ತಗಿ ಎಂದರೂ ತಗಿ. ಅಲ್ಲಿ ಬೆಳೆದವರಿಗೆ ತೆರೆಯುವುದು ಯಾವುದು, ತೆಗೆದುಹಾಕುವುದು ಯಾವುದು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಪೂರ್ವಿ ಮನೆಯಲ್ಲಿ ಕೇಳಿದ್ದು ಚಪ್ಪಲಿ ತಗಿ, ತಾಟು ತಗಿ ಎಂಬ ಮಾತು ಮಾತ್ರ. ತೆರೆಯುವುದಕ್ಕೆ ಅವಳದು 'ಓಪನ್'. ಇದನ್ನು ಅಳಿಸಿದರೆ ಓದಲು ಮತ್ತೆ ಕೊಳ್ಳಬೇಕಾಗುತ್ತದೆ ಎಂದು ಪರದೆ ಎಚ್ಚರಿಸಿತ್ತು. ಹುಡುಗಿ ಓದಿದಳು, ಅಮ್ಮನನ್ನು ಕೇಳಿದಳು, ಬೈಸಿಕೊಂಡಳು, ಒತ್ತಿದಳು.

"ಆಯ್ತಮ್ಮಾ."

"ಈಗ ಇನ್ನೂರಾ ಹದಿನಾಲ್ಕನೇ ಪುಟ ಓದು."

"ಅದು ಇಲ್ಲ ಅಮ್ಮಾ. ನೀನೇ ತಗಿ ಅಂದೆಯಲ್ಲ."

ಕೋಕಿಲಾ ಮೇಷ್ಟ್ರ ಮನೆಗೆ ಹೋಗದೆ ನೇರ ಮನೆಗೆ ಓಡಿದಳು. ಅಂಗಡಿಯವರಿಗೆ ಬರೆದಳು, ಬೇಡಿಕೊಂಡಳು, ಕೊನೆಗೆ ಬೈದಳು. ಮರುದಿನ ನಯವಾದ ಉತ್ತರ ಬಂತು: ಸಾಧನದಿಂದ ಅಳಿಸಿದ್ದರೆ ಪರವಾನಗಿ ಉಳಿಯುತ್ತಿತ್ತು, ತಾವು ಖಾತೆಯಿಂದಲೇ ಶಾಶ್ವತವಾಗಿ ಅಳಿಸಿದ್ದರಿಂದ ಪರವಾನಗಿ ಕೊನೆಗೊಂಡಿದೆ. ಓದಲು ಮತ್ತೆ ಕೊಳ್ಳಬೇಕು. ಈ ಪುಸ್ತಕ ಈಗ ಮಾರಾಟದಲ್ಲಿಲ್ಲ. ತೊಂದರೆಗೆ ವಿಷಾದಿಸುತ್ತೇವೆ. ವಿಷಾದವಂತೆ, ಅವರ ತಲೆ! ಇಷ್ಟು ದಿನ ಅವಳು ಕೊಂಡಿದ್ದು ಪುಸ್ತಕ ಅಂದುಕೊಂಡಿದ್ದಳು. ಕೊಂಡಿದ್ದು ಬರೀ ಓದುವ ಅಪ್ಪಣೆ.

"ತಾಳೆ ನೋಡದ ಉದ್ಧರಣೆ ಇಟ್ಟುಕೊಂಡು ಸಲ್ಲಿಸೋದು ಹೇಗೆ ಕೋಕಿಲಾ? ಆ ಅಧ್ಯಾಯ ಬಿಟ್ಟುಬಿಡಿ," ಎಂದರು ಮೇಷ್ಟ್ರು. ಬಿಟ್ಟಳು. ಗಡುವಿನೊಳಗೆ ಸಲ್ಲಿಸಿದಳು ಕೂಡ. ಏಳು ತಿಂಗಳ ಮೇಲೆ ಪರೀಕ್ಷಕರ ವರದಿ ಬಂತು: ಹೆಂಗಸರ ಬಗೆಗಿನ ಪ್ರಬಂಧದಲ್ಲಿ ಹೆಂಗಸರ ಮಾತೇ ಇಲ್ಲ. ತಿರಸ್ಕರಿಸಿದ್ದರು.

ಆ ವರದಿ ಕೈಯಲ್ಲಿ ಹಿಡಿದೇ ಕೋಕಿಲಾ ಆಡಬಾರದ ಮಾತಾಡಿದಳು. "ಹಡದವ್ವನ ಭಾಷಾ ತಿಳಿಯೂದಿಲ್ಲ ನಿನಗ! ನನ್ನ ಜೀವನಾನ ಅಳಿಸಿ ಕುಂತಿ!"

ಪೂರ್ವಿ ಅಳಲಿಲ್ಲ. "ಇನ್ಮೇಲೆ ನನ್ನ ಹತ್ರ ಇಂಗ್ಲಿಷಲ್ಲೇ ಮಾತಾಡು ಅಮ್ಮಾ," ಎಂದಳು. "ಆಗ ತಪ್ಪಾಗಲ್ಲ."

ಕೋಕಿಲಾ ಎರಡು ದಿನ ಮಗಳೊಡನೆ ಮಾತು ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ, ಊಟದ ಡಬ್ಬಿ ಮೇಜಿನ ಮೇಲಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.